ಚೀಲದ ದೊಡ್ಡಕ್ಷರ, ಸಣ್ಣಕ್ಷರ

ತಮ್ಮಾ, ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನೋಡಿದೆ. ‘ಇದು ಯಾವ ಕಂಪನಿಯ ಡಿಎಪಿ ಕಾಕಾ, ಎಕರೆಗೆ ಒಂದೇ ಚೀಲ ಸಾಕಂತಾರೆ, ಹೌದೇನು?’ ಅಂತ ಕೇಳಿದ್ದೀಯ. ಕಂಪನಿ ಯಾವುದು ಅನ್ನೋದನ್ನ ಆಮೇಲೆ ನೋಡೋಣ. ಆ ಚೀಲದಲ್ಲಿರೋದು ಡಿಎಪಿನೇ ಅಲ್ಲ.

ಮೊದಲೆಲ್ಲ ಚೀಲದ ಬಣ್ಣ, ಅದರ ಮೇಲಿನ ಚಿತ್ರ ನೋಡಿದರೆ ಸಾಕು, ಓದು ಬಾರದವರೂ ಕಂಪನಿ ಹೇಳುತ್ತಿದ್ದರು. 2022ರ ಕೊನೆಯಿಂದ ಸಬ್ಸಿಡಿ ಗೊಬ್ಬರಗಳಿಗೆಲ್ಲ ‘ಭಾರತ್’ ಎಂಬ ಒಂದೇ ಹೆಸರು ಬಂತು. ಭಾರತ್ ಯೂರಿಯಾ, ಭಾರತ್ ಡಿಎಪಿ, ಭಾರತ್ ಎನ್‌ಪಿಕೆ ಹೀಗೆ. ಚೀಲದ ಮುಖದ ಮೂರರಲ್ಲಿ ಎರಡು ಪಾಲು ಸರ್ಕಾರದ ಯೋಜನೆಯದು, ಕಂಪನಿಗೆ ಉಳಿದದ್ದು ಒಂದು ಪಾಲು. ಹಾಗಾಗಿ ಮುಖ ನೋಡಿ ಕಂಪನಿ ಗುರುತು ಹಿಡಿಯುವ ಹಳೇ ಅಭ್ಯಾಸ ಬಿಡು. ತಯಾರಕರ ಹೆಸರು, ವಿಳಾಸ, ತಯಾರಿಸಿದ ತಿಂಗಳು, ಬ್ಯಾಚ್ ನಂಬರು ಇರುವ ಜಾಗವನ್ನೇ ಹುಡುಕಿ, ಅದರದೇ ಒಂದು ಫೋಟೊ ಹತ್ತಿರದಿಂದ ತೆಗೆ. ನೀನು ಕಳಿಸಿದ್ದರಲ್ಲಿ ಅಂಗಡಿಯ ತಕ್ಕಡಿ ಚೆನ್ನಾಗಿ ಕಾಣುತ್ತದೆ, ಆ ಅಕ್ಷರಗಳೇ ಮಸುಕು.

ದೊಡ್ಡದು ಮಾಡಿ ನೋಡಿದಾಗ ಮೂರು ಸಂಗತಿ ಸಿಕ್ಕವು. ‘ಡಿಎಪಿ’ ಅನ್ನೋದು ಅಂಗೈಯಗಲ ಇದೆ, ಅದರ ಮುಂದಿನ ‘ಬಯೋ’ ಕಿರುಬೆರಳಿನಷ್ಟು. ಕೆಳಗೆ ‘ರಂಜಕಯುಕ್ತ ಸಾವಯವ ಗೊಬ್ಬರ’ ಅಂತಿದೆ. ಪೋಷಕಾಂಶದ ಸಾಲಿನಲ್ಲಿ ರಂಜಕ ಶೇ 10.4 ಅಂತಿದೆ. ನಿಜವಾದ ಡಿಎಪಿ ಚೀಲದ ಮೇಲೆ 18:46:0 ಇರಲೇಬೇಕು. ಅಂದರೆ ನೂರು ಕೆಜಿಯಲ್ಲಿ 18 ಕೆಜಿ ಸಾರಜನಕ, 46 ಕೆಜಿ ರಂಜಕ, ಪೊಟ್ಯಾಷ್ ಸೊನ್ನೆ. ಬ್ರ್ಯಾಂಡು ಯಾವುದಿದ್ದರೂ ಈ ಅಂಕಿ ಬದಲಾಗೋದಿಲ್ಲ.

ನೀನು ನೋಡಿದ ಮಾಲು ಕಳ್ಳಮಾಲು ಅಂತ ನಾನು ಹೇಳುತ್ತಿಲ್ಲ. ‘ಪ್ರಾಮ್’ ಅಂತ ಕರೆಯುವ ಆ ಗೊಬ್ಬರಕ್ಕೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಜಾಗವಿದೆ. ಶಿಲಾರಂಜಕದ ಪುಡಿಯನ್ನು ಕಳಿತ ಗೊಬ್ಬರದ ಜೊತೆ ಸೇರಿಸಿ ಮಾಡುತ್ತಾರೆ. ಡಿಎಪಿಯ ರಂಜಕ ಬಹುಪಾಲು ನೀರಿನಲ್ಲೇ ಕರಗುತ್ತದೆ. ಇದರದು ನಿಧಾನ, ನಮ್ಮಂಥ ಎರೆಭೂಮಿಯಲ್ಲಿ ಇನ್ನೂ ನಿಧಾನ. ಅದನ್ನು ಡಿಎಪಿ ಅಂತ ಮಾರೋದು ಮಾತ್ರ ಮೋಸ.

ಈಗ ‘ಎಕರೆಗೆ ಒಂದು ಚೀಲ’ ಅನ್ನೋ ಮಾತನ್ನು ತೂಗಿ ನೋಡೋಣ. ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕೆಜಿ ಸಾರಜನಕ, 50 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್ ಕೊಡು ಅನ್ನೋದು ಶಿಫಾರಸು. ಎಕರೆಗೆ ಇಳಿಸಿದರೆ 40, 20, 10. ಆ ಚೀಲ 50 ಕೆಜಿಯದು. ಅದರ ಶೇ 10.4 ಅಂದರೆ ಐದು ಕೆಜಿ ಚಿಲ್ಲರೆ ರಂಜಕ. ನಿನ್ನ ಬೆಳೆಗೆ ಬೇಕಾದ್ದು 20. ನಾಲ್ಕು ಚೀಲ ಸುರಿದರೆ ಲೆಕ್ಕ ಸರಿಹೋಗುತ್ತದೆ, ಅದೂ ಕಾಗದದ ಮೇಲೆ. ನಿಜವಾದ ಡಿಎಪಿ ಆದರೆ 44 ಕೆಜಿ ಸಾಕು. ಅದರಲ್ಲೇ ಎಂಟು ಕೆಜಿ ಸಾರಜನಕವೂ ಬಂತು. ಉಳಿದ 32 ಕೆಜಿಗೆ ಶೇ 46ರ ಯೂರಿಯಾ 70 ಕೆಜಿ. ಅದನ್ನು ಬಿತ್ತನೆಗೇ ಪೂರ್ತಿ ಹಾಕಬೇಡ, ಒಂದಿಷ್ಟು ಮೇಲುಗೊಬ್ಬರಕ್ಕೆ ಉಳಿಸಿಕೊ. ಪೊಟ್ಯಾಷಿಗೆ ಶೇ 60ರ ಎಂಒಪಿ 17 ಕೆಜಿ. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಈ ಅಂಕಿಗಳ ಬದಲು ಅದರಲ್ಲಿದ್ದುದನ್ನೇ ಹಿಡಿ. ಲೆಕ್ಕದ ದಾರಿ ಒಂದೇ: ಬೇಕಾದ ಕೆಜಿಯನ್ನು ನೂರರಿಂದ ಗುಣಿಸಿ ಚೀಲದ ಮೇಲಿನ ಶೇಕಡಾ ಅಂಕಿಯಿಂದ ಭಾಗಿಸು. ಮೊಬೈಲಿನಲ್ಲೇ ಆಗುತ್ತದೆ, ಮಾರುವವನ ಬಾಯಿಲೆಕ್ಕ ಬೇಡ.

ಇನ್ನೊಂದು ಮಾತು. ಫೋಟೊ ಚೀಲದ ಬಗ್ಗೆ ಹೇಳೀತೇ ಹೊರತು ಒಳಗಿನ ಕಾಳಿನ ಬಗ್ಗೆ ಹೇಳದು. ಖಾಲಿ ಚೀಲಗಳೂ ನಮ್ಮೂರಲ್ಲಿ ರೊಕ್ಕಕ್ಕೆ ಹೋಗುತ್ತವೆ, ಯಾಕೆ ಅಂತ ಯೋಚಿಸು. ಅದಕ್ಕೇ ಹೊಲಿಗೆ ನೋಡು. ಯಂತ್ರದ ಹೊಲಿಗೆ ಬಿಚ್ಚಿ ಕೈಯಿಂದ ಮತ್ತೆ ಹೊಲಿದಂತಿದ್ದರೆ ತರಲೇಬೇಡ. ತಂದಾಗಿದ್ದರೆ ಒಂದಿಷ್ಟು ಕಾಳು ಅಂಗೈಲಿ ಹಾಕಿ, ಎಲೆಗೆ ಹಚ್ಚೋ ಸುಣ್ಣ ಸೇರಿಸಿ ತಿಕ್ಕು. ಡಿಎಪಿ ಆದರೆ ಮೂಗು ಹಿಡಿಯುವಂಥ ಘಾಟು ಬರುತ್ತದೆ. ಇದರಿಂದ ಅಮೋನಿಯಾ ಇದೆ ಅಂತಷ್ಟೇ ಗೊತ್ತಾಗುತ್ತದೆ, 46 ಇದೆಯೋ 30 ಇದೆಯೋ ಗೊತ್ತಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಟ್ಟರೆ ಪರಿವೀಕ್ಷಕರು ಮಾದರಿ ತೆಗೆಯುತ್ತಾರೆ, ಆದರೆ ಚೀಲ ಒಡೆದು ಅರ್ಧ ಹೊಲಕ್ಕೆ ಚೆಲ್ಲಿದ ಮೇಲೆ ಹೋದರೆ ಅವರೇನು ಮಾಡಿಯಾರು?

ಬಿಲ್ಲನ್ನೂ ಕೇಳಿ ತಗೋ. ಸಬ್ಸಿಡಿಯ ಡಿಎಪಿಯನ್ನು ಆಧಾರ್ ನೋಡಿ ಪಿಒಎಸ್ ಯಂತ್ರದಲ್ಲೇ ಮಾರಬೇಕು. ‘ಯಂತ್ರ ಕೆಟ್ಟಿದೆ, ಬಿಳಿ ಚೀಟಿ ಬರೆದುಕೊಡ್ತೀನಿ’ ಅಂದರೆ, ಆ ಚೀಟಿಯಲ್ಲಿ ಗೊಬ್ಬರದ ಪೂರ್ತಿ ಹೆಸರು ಮತ್ತು ಬ್ಯಾಚ್ ನಂಬರು ಬರೀರಿ ಅನ್ನು. ‘ಬಯೋ’ ಅನ್ನೋದನ್ನ ಅವನು ಬರೆಯುತ್ತಾನೋ ಬಿಡುತ್ತಾನೋ ನೋಡಿ, ನನಗೆ ಆ ಚೀಟಿಯ ಫೋಟೊ ಕಳಿಸು.