ಒಂಬತ್ತು ಮನೆಯಲ್ಲಿ ಒಂದು ಹುಲಿ ಪಟ್ಟೆ

ಅನಮೋಡ ಅಂದ್ರೆ ಜೋಯಿಡಾ ತಾಲೂಕಿನ ಗೋವಾ ಗಡಿ. ಅಲ್ಲಿಯ ಶಾಲಾ ಶಿಕ್ಷಕರಿಗೆ ಮಷೀನ್ ಲರ್ನಿಂಗ್ ಬಗ್ಗೆ ಒಂದು ತಾಸು ಹೇಳೋದಾದ್ರೆ ಹೇಗೆ ಹೇಳಬೇಕು? ಅದಕ್ಕೆ ನಾವು ಸಿದ್ಧ ಮಾಡಿಕೊಂಡ ಪಾಠ ಇದು. ಲ್ಯಾಪ್‌ಟಾಪ್ ಇಲ್ಲ, ಸ್ಲೈಡ್ ಇಲ್ಲ. ಒಂದು ಬೋರ್ಡು, ಒಂದು ಸೀಮೆಸುಣ್ಣ, ಒಂದು ಡಸ್ಟರ್ ಸಾಕು. ಡಸ್ಟರ್ ಮುಖ್ಯ, ಯಾಕಂದ್ರೆ ಬರೆದ ಅಂಕಿಯನ್ನ ಅಳಿಸಿ ತಿದ್ದೋದೇ ಇಲ್ಲಿ ಕಲಿಕೆ. ನಮ್ಮ ಕ್ಯಾಂಪಸ್‌ನಲ್ಲಿ ಲೈಬ್ರರಿ ಇಂಪೋರ್ಟ್ ಮಾಡಿ ಎರಡು ಲೈನಿನಲ್ಲಿ ಕೆಲಸ ಮುಗಿಸೋರಿಗೂ ಒಮ್ಮೆ ಇದನ್ನ ಕೈಯಲ್ಲಿ ಮಾಡಿ ನೋಡಿ ಅಂತೀವಿ. ಮುಂದಿನದು ನಾವು ಹೇಳೋ ಮಾತು, ಹೇಳೋ ಹಾಗೇ ಬರೆದಿದ್ದೀವಿ.

ಸರ್, ಮೇಡಂ, ನಿಮ್ಮ ತಾಲೂಕಿನಲ್ಲೇ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ. ಇಂಥ ಕಾಡುಗಳಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿರ್ತಾರೆ. ಮುಂದೆ ಏನಾದ್ರೂ ಹಾದುಹೋದ್ರೆ ಅದು ತಾನಾಗಿ ಫೋಟೋ ತೆಗೆಯುತ್ತೆ. ಹುಲಿ ಬಂದ್ರೂ ತೆಗೆಯುತ್ತೆ, ಹಂದಿ, ದನ, ಮನುಷ್ಯ ಬಂದ್ರೂ ತೆಗೆಯುತ್ತೆ, ಕೆಲವೊಮ್ಮೆ ಬರೀ ಎಲೆ ಅಲ್ಲಾಡಿದ್ರೂ ತೆಗೆಯುತ್ತೆ. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಹೀಗೆ ಕ್ಯಾಮೆರಾ ಇಟ್ಟಿದ್ರು. ಬಂದ ಫೋಟೋಗಳು 3,48,58,623. ಅದರಲ್ಲಿ ಹುಲಿಯ ಫೋಟೋ ಎಷ್ಟು ಗೊತ್ತಾ? 76,651. ಈ ಎರಡು ಅಂಕಿಗಳನ್ನ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿರೋಣ, ಆಮೇಲೆ ಬೇಕಾಗುತ್ತೆ. ಇಷ್ಟು ಫೋಟೋ ಮನುಷ್ಯರೇ ಕೂತು ಬೇರೆ ಮಾಡೋಕಾಗಲ್ಲ ಅಂತ ಆ ಗಣತಿಯಲ್ಲಿ ಪ್ರಾಣಿಗಳ ಜಾತಿ ವಿಂಗಡಿಸೋಕೆ ಮಷೀನ್ ಲರ್ನಿಂಗ್ ಬಳಸಿದ್ರು. ಆ ಯಂತ್ರ ಏನು ಮಾಡುತ್ತೆ ಅನ್ನೋದನ್ನ ನಾವೀಗ ಬೋರ್ಡ್ ಮೇಲೆ, ಬಹಳ ಚಿಕ್ಕದಾಗಿ ಮಾಡೋಣ.

ಚೌಕಾಬಾರಕ್ಕೆ ಬರೆಯೋ ಹಾಗೆ ಮೂರು ಅಡ್ಡ, ಮೂರು ಉದ್ದ, ಒಟ್ಟು ಒಂಬತ್ತು ಮನೆ ಬರೆಯಿರಿ. ಇದು ಫೋಟೋದ ಒಂದು ಚೂರು ಅಂದ್ಕೊಳ್ಳಿ. ಕಂಪ್ಯೂಟರಿಗೆ ಫೋಟೋ ಅಂದ್ರೆ ಮನೆಗಳಲ್ಲಿ ತುಂಬಿದ ಅಂಕಿಗಳು ಅಷ್ಟೇ. ನಾವು ಸುಲಭಕ್ಕೆ ಕಪ್ಪು ಮನೆಗೆ 1, ಬಿಳಿ ಮನೆಗೆ 0 ಅನ್ನೋಣ. ಮೂರು ಚಿತ್ರ ಸಾಕು. ಮೊದಲನೆಯದು ಪಟ್ಟೆ: ನಡುವಿನ ಉದ್ದ ಸಾಲಿನ ಮೂರೂ ಮನೆ ಕಪ್ಪು. ಎರಡನೆಯದು ಚುಕ್ಕೆ: ಸರಿಯಾಗಿ ನಡುಮಧ್ಯದ ಒಂದೇ ಮನೆ ಕಪ್ಪು. ಮೂರನೆಯದು ಪೂರ್ತಿ ಕಪ್ಪು: ಒಂಬತ್ತೂ ಮನೆ. ಹುಲಿ, ಚಿರತೆ, ಕರಿಚಿರತೆ ಅಂತ ನೆನಪಿಟ್ಟುಕೊಳ್ಳಬಹುದು. ಮೂರನೆಯದು ನಿಮ್ಮ ಕಾಡಿಗೆ ಹೊಸದೇನಲ್ಲ.

ಈಗ ಇನ್ನೊಂದು ಒಂಬತ್ತು ಮನೆ ಪಕ್ಕದಲ್ಲಿ ಬರೆಯಿರಿ. ಇದು ಯಂತ್ರದ ತಲೆ. ಇಲ್ಲಿರೋ ಅಂಕಿಗಳನ್ನ ತೂಕ ಅಂತ ಕರೆಯೋಣ. ಶುರುವಿನಲ್ಲಿ ಎಲ್ಲಾ ಸೊನ್ನೆ, ಅಂದ್ರೆ ಯಂತ್ರಕ್ಕೆ ಏನೂ ಗೊತ್ತಿಲ್ಲ. ಚಿತ್ರದ ಪ್ರತಿ ಮನೆಯ ಅಂಕಿಯನ್ನ ಅದೇ ಜಾಗದ ತೂಕದಿಂದ ಗುಣಿಸಿ, ಒಂಬತ್ತನ್ನೂ ಕೂಡಿಸಬೇಕು. ಮೊತ್ತ 1ಕ್ಕಿಂತ ಹೆಚ್ಚು ಬಂದ್ರೆ ಯಂತ್ರ "ಪಟ್ಟೆ" ಅನ್ನುತ್ತೆ, ಇಲ್ಲದಿದ್ರೆ "ಅಲ್ಲ" ಅನ್ನುತ್ತೆ. ಉತ್ತರ ಸರಿ ಇದ್ರೆ ತೂಕ ಮುಟ್ಟಬಾರದು. ಪಟ್ಟೆಯನ್ನ "ಅಲ್ಲ" ಅಂದ್ರೆ, ಆ ಚಿತ್ರದಲ್ಲಿ ಎಲ್ಲೆಲ್ಲಿ ಕಪ್ಪಿತ್ತೋ ಅಲ್ಲಿನ ತೂಕಕ್ಕೆ 1 ಕೂಡಿಸಿ. ಪಟ್ಟೆ ಅಲ್ಲದ್ದನ್ನ "ಪಟ್ಟೆ" ಅಂದ್ರೆ, ಕಪ್ಪಿದ್ದ ಕಡೆಯೆಲ್ಲ 1 ಕಳೆಯಿರಿ. ನಿಯಮ ಇಷ್ಟೇ.

ಮೊದಲು ಪಟ್ಟೆ ತೋರಿಸಿ. ತೂಕ ಎಲ್ಲಾ ಸೊನ್ನೆ, ಮೊತ್ತ 0. ಯಂತ್ರ "ಅಲ್ಲ" ಅಂತು. ತಪ್ಪು. ನಡು ಸಾಲಿನ ಮೂರು ತೂಕ ಅಳಿಸಿ 1, 1, 1 ಬರೆಯಿರಿ. ಈಗ ಚುಕ್ಕೆ ತೋರಿಸಿ. ನಡುಮಧ್ಯದ ಒಂದು ಮನೆ ಮಾತ್ರ ಕಪ್ಪು, ಮೊತ್ತ 1. ಒಂದಕ್ಕಿಂತ ಹೆಚ್ಚಿಲ್ಲ, "ಅಲ್ಲ" ಅಂತು, ಸರಿ. ಇಲ್ಲಿಗೇ ಪಾಠ ಮುಗೀತು ಅನ್ನಿಸುತ್ತೆ. ಆದ್ರೆ ಪೂರ್ತಿ ಕಪ್ಪನ್ನ ತೋರಿಸಿ. ಮೊತ್ತ 3. ಯಂತ್ರ ಧೈರ್ಯವಾಗಿ "ಪಟ್ಟೆ" ಅನ್ನುತ್ತೆ! ಯಾಕಂದ್ರೆ ಅದು ಇಲ್ಲಿವರೆಗೆ ಕಲಿತಿದ್ದು "ನಡುವೆ ಕಪ್ಪಿರಬೇಕು" ಅಂತ ಮಾತ್ರ. ಪಕ್ಕದಲ್ಲಿ ಏನಿರಬೇಕು ಅಂತ ಯಾರೂ ಕಲಿಸಿಲ್ಲ. ತಪ್ಪಾಯ್ತು, ಒಂಬತ್ತೂ ಕಡೆ 1 ಕಳೆಯಿರಿ. ನಡು ಸಾಲು ಮತ್ತೆ 0 ಆಯ್ತು, ಎರಡೂ ಪಕ್ಕದ ಸಾಲು -1 ಆಯ್ತು.

ಎರಡನೇ ಸುತ್ತು. ಪಟ್ಟೆ ತೋರಿಸಿದ್ರೆ ಮತ್ತೆ ಮೊತ್ತ 0, ಮತ್ತೆ ತಪ್ಪು. ಕಲಿತದ್ದನ್ನ ಮರೆತುಬಿಡ್ತಲ್ಲ ಅಂತ ನಿಮಗೆ ಅನ್ನಿಸಿದ್ರೆ, ಹೌದು, ನಡು ಸಾಲಿನ ಮಟ್ಟಿಗೆ ಅದು ನಿಜಾನೇ. ನಡು ಸಾಲಿಗೆ 1 ಕೂಡಿಸಿ. ಈಗ ಬೋರ್ಡಿನಲ್ಲಿ ಹೀಗಿದೆ:

```
-1   1  -1
-1   1  -1
-1   1  -1
```

ಮತ್ತೆ ಪರೀಕ್ಷೆ ಮಾಡಿ. ಪಟ್ಟೆಗೆ 3, ಸರಿ. ಚುಕ್ಕೆಗೆ 1, ಸರಿ. ಪೂರ್ತಿ ಕಪ್ಪಿಗೆ ನಡುವಿನ 3ರಲ್ಲಿ ಪಕ್ಕದ 6 ಕಳೆದು -3, ಸರಿ. ಮೂರನೇ ಸುತ್ತಿನಲ್ಲಿ ಅಳಿಸೋಕೆ ಏನೂ ಇಲ್ಲ. ಆ ಚೌಕವನ್ನ ಒಮ್ಮೆ ನೋಡಿ. "ನಡುವೆ ಕಪ್ಪು ಬೇಕು, ಪಕ್ಕದಲ್ಲಿ ಕಪ್ಪು ಬೇಡ" ಅಂತ ಅದು ಹೇಳ್ತಿದೆ. ಪಟ್ಟೆ ಅಂದ್ರೆ ಅದೇ ತಾನೆ? ಅದನ್ನ ನಾವು ಯಾರೂ ಹೇಳಿಕೊಟ್ಟಿಲ್ಲ. ಮೂರು ಚಿತ್ರ, ಸರಿ-ತಪ್ಪಿನ ಉತ್ತರ, ತಿದ್ದೋ ನಿಯಮ, ಇಷ್ಟರಿಂದ ಬಂತು. ಇದರಲ್ಲಿ ಹೆಚ್ಚು ಕಲಿಸಿದ್ದು ಹುಲಿಯಲ್ಲ, ಕರಿಚಿರತೆ. ಅದನ್ನ ತೋರಿಸದೇ ಇದ್ದಿದ್ರೆ ಎರಡು ಪಕ್ಕಕ್ಕೂ ಸೊನ್ನೆಯೇ ಉಳೀತಿತ್ತು, ಆದ್ರೂ ಪಟ್ಟೆ-ಚುಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ಬರ್ತಿತ್ತು.

(ಕ್ಯಾಂಪಸ್ ಗೆಳೆಯರಿಗೆ: ಇದು 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ಪ್ರಕಟಿಸಿದ ಪರ್ಸೆಪ್ಟ್ರಾನ್‌ನ ಸರಳ ರೂಪ. 1 ಅನ್ನೋ ಗಡಿಯನ್ನ ನಾವು ಬದಲಿಸದೇ ಇಟ್ಟಿದ್ದೀವಿ. ನಿಜವಾದದ್ದರಲ್ಲಿ ಅದನ್ನೂ ಯಂತ್ರವೇ ಕಲಿಯುತ್ತೆ. ಶಿಕ್ಷಕರ ಮುಂದೆ ಈ ಹೆಸರು ತೆಗೆಯೋ ಅಗತ್ಯ ಇಲ್ಲ ಅಂತ ನಮ್ಮ ಅಭಿಪ್ರಾಯ.)

ಇನ್ನು ನಮ್ಮ ಯಂತ್ರವನ್ನ ಸ್ವಲ್ಪ ಪೀಡಿಸೋಣ. ಪಟ್ಟೆಯನ್ನ ಎಡಗಡೆ ಸಾಲಿಗೆ ಸರಿಸಿ ಬರೆಯಿರಿ. ಮೊತ್ತ -3, "ಅಲ್ಲ" ಅನ್ನುತ್ತೆ. ಒಂದು ಮನೆ ಸರಿದಿದ್ದಕ್ಕೇ ಗುರುತು ಸಿಗಲಿಲ್ಲ. ಹಾಗಾಗಿ ನಿಜವಾದ ಯಂತ್ರ ಈ ಒಂಬತ್ತು ಮನೆಯ ಚೌಕವನ್ನ ದೊಡ್ಡ ಫೋಟೋದ ಮೇಲೆ ಒಂದೊಂದೇ ಮನೆ ಜರುಗಿಸ್ತಾ ಹೋಗುತ್ತೆ, ಪುಟದ ಮೇಲೆ ಭೂತಗನ್ನಡಿ ಸರಿಸಿದ ಹಾಗೆ. ಪಟ್ಟೆ ಎಲ್ಲಿದ್ರೂ ಒಂದಲ್ಲ ಒಂದು ಕಡೆ ಅದರ ನಡುವಿಗೆ ಬರುತ್ತೆ. ಅಡ್ಡ ಪಟ್ಟೆಗೆ, ಓರೆ ಪಟ್ಟೆಗೆ, ಅಂಚಿಗೆ ಬೇರೆ ಬೇರೆ ಚೌಕಗಳು ಬೇಕು. ಅವನ್ನೂ ತಪ್ಪು-ತಿದ್ದುಪಡಿಯಿಂದಲೇ ಕಲಿಯುತ್ತೆ, ನಿಯಮ ಮಾತ್ರ ಇನ್ನೂ ನಾಜೂಕು, ಒಂದೊಂದಾಗಿ ಅಲ್ಲ, ಚೂರುಚೂರು ತಿದ್ದುತ್ತೆ.

ಅಷ್ಟಾದ್ರೂ ನಮ್ಮ ಚೌಕಕ್ಕೆ ಹುಲಿ ಗೊತ್ತಿಲ್ಲ. ಬಿದಿರ ಮೆಳೆಯ ನೆರಳಿಗೂ ಅದು 3 ಕೊಡುತ್ತೆ. ಅದಕ್ಕೆ ಮೇಲೆ ಇನ್ನೊಂದು ಪದರ ಚೌಕಗಳನ್ನ ಇಡ್ತಾರೆ. ಮೇಲಿನ ಪದರ ಫೋಟೋ ನೋಡಲ್ಲ, ಕೆಳಗಿನವರು ಕೊಟ್ಟ ಮೊತ್ತಗಳನ್ನ ನೋಡುತ್ತೆ. ಇಲ್ಲಿ ಐದಾರು ಪಟ್ಟೆ ಹತ್ತಿರ ಹತ್ತಿರ ಇವೆ, ಮೇಲೆ ಒಂದು ದುಂಡಗಿನ ಅಂಚಿದೆ, ಹೀಗೆ. ಅಕ್ಷರ, ಆಮೇಲೆ ಪದ, ಆಮೇಲೆ ವಾಕ್ಯ ಓದಿದ ಹಾಗೆ ಅಂತ ನೀವು ಮಕ್ಕಳಿಗೆ ಹೇಳಬಹುದು.

ಈಗ ಬೋರ್ಡಿನ ಮೂಲೆಗೆ ಬನ್ನಿ. ಮೂರೂವರೆ ಕೋಟಿ ಹತ್ತಿರ ಫೋಟೋ, ಅದರಲ್ಲಿ 76,651 ಹುಲಿ. ಸಾವಿರಕ್ಕೆ ಎರಡು ಚಿಲ್ಲರೆ. ಯಾರೋ ಬಂದು "ನಮ್ಮ ಯಂತ್ರ 99.7 ಪರ್ಸೆಂಟ್ ಸರಿ" ಅಂತಾರೆ ಅಂದ್ಕೊಳ್ಳಿ. ಕೇಳೋಕೆ ಚೆನ್ನಾಗಿದೆ. ಆದ್ರೆ ಏನೂ ನೋಡದೇ ಎಲ್ಲಾ ಫೋಟೋಗೂ "ಹುಲಿ ಇಲ್ಲ" ಅಂತ ಹೇಳೋ ಯಂತ್ರಕ್ಕೂ ಇಲ್ಲಿ ಅಷ್ಟೇ ಅಂಕ ಬರುತ್ತೆ! ಸಾವಿರ ಫೋಟೋ ತಗೊಳ್ಳಿ, ಎರಡರಲ್ಲಿ ಹುಲಿ ಇದೆ. ಎಲ್ಲಕ್ಕೂ "ಇಲ್ಲ" ಅಂದ ಯಂತ್ರ 998 ಸರಿ ಹೇಳ್ತು. ಇನ್ನೊಂದು ಯಂತ್ರ ಎರಡೂ ಹುಲಿ ಹಿಡೀತು, ಜೊತೆಗೆ ಹತ್ತು ಬಿದಿರ ನೆರಳನ್ನೂ ಹುಲಿ ಅಂತು. ಅದು 990 ಸರಿ. ಅಂಕ ಕಡಿಮೆ. ಆದ್ರೆ ಮಕ್ಕಳು ಶಾಲೆಗೆ ನಡೆದು ಬರೋ ಕಾಲುದಾರಿಯ ಪಕ್ಕ ಕ್ಯಾಮೆರಾ ಇದ್ರೆ ನಿಮಗೆ ಯಾವ ಯಂತ್ರ ಬೇಕು? ಎರಡನೆಯದ್ರಲ್ಲಿ ಒಬ್ಬರು ಕೂತು ಹನ್ನೆರಡು ಫೋಟೋ ನೋಡಿದ್ರೆ ಮುಗೀತು. ಮೊದಲನೆಯದ್ರಲ್ಲಿ ನೋಡೋಕೆ ಏನೂ ಸಿಗಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು. ಇದ್ದ ಹುಲಿಗಳಲ್ಲಿ ಎಷ್ಟನ್ನ ಹಿಡೀತು? ಹುಲಿ ಅಂದಿದ್ರಲ್ಲಿ ಎಷ್ಟು ನಿಜ ಹುಲಿ?

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಒಂದು ಕ್ಯಾಮೆರಾ ಒಂದೇ ಮರಕ್ಕೆ ತಿಂಗಳುಗಟ್ಟಲೆ ಕಟ್ಟಿರುತ್ತೆ. ಅದರ ಹಿಂದೆ ಸದಾ ಅದೇ ಬಂಡೆ, ಅದೇ ಪೊದೆ. ಆ ಜಾಗದಲ್ಲಿ ಹುಲಿಯೇ ಹೆಚ್ಚು ಓಡಾಡಿದ್ರೆ, ಯಂತ್ರ ಹುಲಿಯನ್ನ ಕಲಿಯೋ ಬದಲು ಬಂಡೆಯನ್ನ ಕಲಿಯಬಹುದು. ಬಂಡೆ ಕಂಡ್ರೆ ಹುಲಿ! ಯಂತ್ರಕ್ಕೆ ಯಾವುದು ಪ್ರಾಣಿ, ಯಾವುದು ಹಿನ್ನೆಲೆ ಅಂತ ನಾವು ಹೇಳಿಲ್ಲವಲ್ಲ, ಅದಕ್ಕೆ ತಪ್ಪು ಕಡಿಮೆಯಾದ್ರೆ ಸಾಕು. 2018ರಲ್ಲಿ ಸಾರಾ ಬೀರಿ, ಗ್ರಾಂಟ್ ವ್ಯಾನ್ ಹಾರ್ನ್, ಪಿಯೆಟ್ರೊ ಪೆರೋನ ಅಮೆರಿಕದ ಕಾಡಿನ ಕ್ಯಾಮೆರಾ ಫೋಟೋಗಳಲ್ಲಿ ಇದನ್ನೇ ಪರೀಕ್ಷಿಸಿದ್ರು. ಕಲಿತ ಜಾಗಗಳ ಹೊಸ ಫೋಟೋ ಕೊಟ್ಟಾಗ ಯಂತ್ರ ಚೆನ್ನಾಗಿ ಗುರುತಿಸ್ತು, ನೋಡದ ಜಾಗದ ಫೋಟೋ ಕೊಟ್ಟಾಗ ತಪ್ಪುಗಳು ಬಹಳ ಹೆಚ್ಚಾದವು. ಹುಲ್ಲುಗಾವಲಿನ ದನ ಗೊತ್ತಿದ್ದ ಯಂತ್ರಕ್ಕೆ ಸಮುದ್ರದ ದಂಡೆಯಲ್ಲಿ ನಿಂತ ದನ ಗೊತ್ತಾಗದೇ ಇರೋ ಉದಾಹರಣೆ ಅವರದ್ದೇ. ಕಾರವಾರದ ಬೀಚಿನಲ್ಲಿ ಮಲಗಿದ ದನಗಳನ್ನ ನೋಡಿದವರಿಗೆ ಇದು ತಮಾಷೆ ಅನ್ನಿಸಬಹುದು.

ಕರಿಚಿರತೆಯದ್ದೂ ಇಂಥದ್ದೇ ಕಥೆ. ಅದು ಬೇರೆ ಪ್ರಾಣಿ ಅಲ್ಲ, ಮೈಬಣ್ಣ ಕಪ್ಪಾದ ಚಿರತೆ. ಹಗಲಿನ ಫೋಟೋದಲ್ಲಿ ಚುಕ್ಕೆಗಳು ಕಪ್ಪಿನಲ್ಲಿ ಮುಳುಗಿರ್ತವೆ, ರಾತ್ರಿ ಇನ್‌ಫ್ರಾರೆಡ್ ಬೆಳಕಿನ ಫೋಟೋದಲ್ಲಿ ಅದೇ ಚುಕ್ಕೆಗಳು ಎದ್ದು ಕಾಣ್ತವೆ. ರಾತ್ರಿ ಫೋಟೋ ಮಾತ್ರ ತೋರಿಸಿ ಕಲಿಸಿದ ಯಂತ್ರ ಹಗಲಿನದನ್ನ ನೋಡಿ ಏನನ್ನುತ್ತೆ ಅನ್ನೋದನ್ನ ನಮ್ಮ ಬೋರ್ಡಿನ ಮೂರನೇ ಚಿತ್ರವೇ ತೋರಿಸಿದೆ.

ನೋಟ್ಸ್‌ನಲ್ಲಿ ಮಾಡಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ರೆ ಬಾಯಿಪಾಠ ಮಾಡಿದವರೂ ಪಾಸಾಗ್ತಾರೆ, ಇದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂಕಿ ಬದಲಿಸಿದ್ರೂ ಸಾಲಲ್ಲ, ಲೆಕ್ಕದ ಸಂದರ್ಭವೇ ಬದಲಾಗಬೇಕು. ಇಲ್ಲಿ ಅದರ ಅರ್ಥ, ಫೋಟೋಗಳನ್ನ ಕಲಸಿ ಎರಡು ಪಾಲು ಮಾಡೋದಲ್ಲ, ಕ್ಯಾಮೆರಾಗಳನ್ನೇ ಎರಡು ಪಾಲು ಮಾಡೋದು. ಹತ್ತು ಕ್ಯಾಮೆರಾ ಇದ್ರೆ ಎಂಟರ ಫೋಟೋದಿಂದ ಕಲಿಸಿ, ಉಳಿದ ಎರಡರ ಒಂದೇ ಒಂದು ಫೋಟೋವನ್ನೂ ಯಂತ್ರಕ್ಕೆ ತೋರಿಸದೆ ಇಟ್ಟು, ಕೊನೆಗೆ ಅದರ ಮೇಲೆ ಪರೀಕ್ಷೆ ಮಾಡಬೇಕು. ಆಗ ಬಂಡೆ ಕಲಿತ ಯಂತ್ರ ಸಿಕ್ಕಿಬೀಳುತ್ತೆ.