ವಿದ್ಯುತ್ ಸ್ಕೂಟರು: ಓಡುವ ದೂರ, ಬ್ಯಾಟರಿಯ ಆರೈಕೆ ಮತ್ತು ಮಾರುವಾಗಿನ ಬೆಲೆ
(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರಿಗಾಗಿ)

ಚಳ್ಳಕೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಶೇಂಗಾ ಚೀಲಗಳ ಪಕ್ಕದಲ್ಲಿ ಈಗ ವಿದ್ಯುತ್ ಸ್ಕೂಟರುಗಳೂ ನಿಂತಿರುತ್ತವೆ. ಕೊಂಡವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಕಂಪನಿಯವರು ಹೇಳಿದಷ್ಟು ದೂರ ಏಕೆ ಓಡುವುದಿಲ್ಲ? ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಮುಂದೆ ಮಾರಲು ಹೋದರೆ ಯಾರಾದರೂ ಕೊಳ್ಳುತ್ತಾರೆಯೇ? ಈ ಮೂರೂ ಪ್ರಶ್ನೆಗಳು ಬ್ಯಾಟರಿಗೇ ಸಂಬಂಧಿಸಿದವು. ಮನೆಯ ವಿದ್ಯುತ್ ಮೀಟರಿನ ನೆರವಿನಿಂದ ರೈತನು ತಾನೇ ಇವುಗಳಿಗೆ ಬಹುಮಟ್ಟಿಗೆ ಉತ್ತರ ಕಂಡುಕೊಳ್ಳಬಹುದು. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೇಳಿದ ದೂರಕ್ಕೂ ಓಡುವ ದೂರಕ್ಕೂ ವ್ಯತ್ಯಾಸವೇಕೆ?

ಜಾಹೀರಾತಿನಲ್ಲಿ ಕಾಣುವ ಪ್ರಮಾಣಿತ ದೂರವನ್ನು ಪ್ರಯೋಗಶಾಲೆಯಲ್ಲಿ ಗೊತ್ತಾದ ವೇಗಕ್ರಮದಲ್ಲಿ ಅಳೆದಿರುತ್ತಾರೆ. ಅಲ್ಲಿ ಎದುರುಗಾಳಿಯಿಲ್ಲ, ಮಣ್ಣಿನ ದಾರಿಯಿಲ್ಲ, ಸರಾಸರಿ ವೇಗವೂ ಕಡಿಮೆ. ನಮ್ಮ ಹೆದ್ದಾರಿಯಲ್ಲಿ ಅದರ ಸುಮಾರು ಮುಕ್ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಕಡಿಮೆ ದೂರ ದೊರೆಯುವುದು ಸಹಜ. ಇದನ್ನು ಗಾಡಿಯ ದೋಷವೆಂದು ತಿಳಿಯಬೇಕಾಗಿಲ್ಲ.

ಹಿಂದೆ ಒಂದು ಮೂಟೆ ಹೇರಿದರೆ ಬ್ಯಾಟರಿ ಬೇಗ ಇಳಿಯುತ್ತದೆಂದು ಅನೇಕರು ಭಾವಿಸುತ್ತಾರೆ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಭಾರದಿಂದ ಆಗುವ ವ್ಯತ್ಯಾಸ ಅಲ್ಪ. ಹೆಚ್ಚಿನ ಶಕ್ತಿಯನ್ನು ತಿನ್ನುವುದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆಷಾಢದ ಪಡುವಣ ಗಾಳಿಗೆ ಎದುರಾಗಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿಯ ವೇಗ 20 ಕಿ.ಮೀ. ಇದ್ದರೆ, ಗಾಳಿಯಿಲ್ಲದ ದಿನ 60 ಕಿ.ಮೀ. ವೇಗದಲ್ಲಿ ಹೋದಷ್ಟೇ ತಡೆ ಬೀಳುತ್ತದೆ.

ಒಂದು ಮಾದರಿ ಲೆಕ್ಕ ನೋಡೋಣ. ಚಳ್ಳಕೆರೆಗೆ ಮೂಡಲ ದಿಕ್ಕಿನಲ್ಲಿ 28 ಕಿ.ಮೀ. ದೂರದ ಒಂದು ಹಳ್ಳಿಯ ರೈತರಲ್ಲಿ 3 ಯೂನಿಟ್ ಬ್ಯಾಟರಿಯ ಸ್ಕೂಟರು ಇದೆ ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದ ದಿನ 45 ಕಿ.ಮೀ. ವೇಗದಲ್ಲಿ ಹೋಗಿ ಬಂದರೆ ಬ್ಯಾಟರಿಯ ಸುಮಾರು ಅರ್ಧ ಭಾಗ ಖರ್ಚಾಗುತ್ತದೆ. ಅದೇ ವೇಗದಲ್ಲಿ 20 ಕಿ.ಮೀ. ಪಡುವಣ ಗಾಳಿ ಬೀಸುವ ದಿನ ಪೇಟೆಗೆ ಹೋಗುವಾಗಲೇ ಶೇಕಡಾ 45ರಷ್ಟು ಖರ್ಚಾಗಿ, ಗಾಳಿಯ ಜೊತೆಗೆ ಹಿಂತಿರುಗುವಾಗ ಶೇಕಡಾ 20ರಷ್ಟು ಸಾಕಾಗುತ್ತದೆ. ಒಟ್ಟು ಖರ್ಚು ಶೇಕಡಾ 65. ಇವರು ಹೋಗುವಾಗ ಗಾಬರಿಪಟ್ಟರೂ ಮನೆ ಸೇರುತ್ತಾರೆ. ಕಷ್ಟವಿರುವುದು ಪೇಟೆಯ ಪಡುವಣ ಭಾಗದ ಹಳ್ಳಿಗಳವರಿಗೆ. ಬೆಳಿಗ್ಗೆ ಗಾಳಿ ಹಿಂದಿನಿಂದ ನೂಕುವುದರಿಂದ ಬ್ಯಾಟರಿ ಇಳಿದೇ ಇಲ್ಲವೆಂದು ತೋರುತ್ತದೆ. ಆ ಧೈರ್ಯದಲ್ಲಿ ಪೇಟೆಯೆಲ್ಲ ಸುತ್ತಿದರೆ ಸಂಜೆ ಎದುರುಗಾಳಿಯಲ್ಲಿ ಹೋಗುವಾಗ ಎರಡು ಪಟ್ಟಿಗಿಂತ ಹೆಚ್ಚು ಬೇಕಾಗುತ್ತದೆ. ಆದುದರಿಂದ ಗಾಳಿಯ ತಿಂಗಳುಗಳಲ್ಲಿ ಹೋಗುವಾಗಿನ ಖರ್ಚನ್ನು ನೋಡಿ ಬರುವಾಗಿನ ಖರ್ಚನ್ನು ಅಂದಾಜು ಮಾಡಕೂಡದು. ಚಾರ್ಜು ಸಾಲದೆಂದು ಕಂಡಾಗ ವೇಗವನ್ನು 30–35 ಕಿ.ಮೀ.ಗೆ ಇಳಿಸುವುದೇ ಕೈಯಲ್ಲಿರುವ ಉಪಾಯ.

ಕೊಳ್ಳುವ ಮುನ್ನ ಒಂದು ಸರಳ ನಿಯಮವನ್ನು ಅನುಸರಿಸಬಹುದು. ನಿಮ್ಮ ಸಾಮಾನ್ಯ ಕೆಲಸದ ದಿನಗಳಲ್ಲಿ ಅತಿ ದೂರದ ಓಡಾಟ ಎಷ್ಟೋ, ಅದರ ಎರಡರಷ್ಟು ಪ್ರಮಾಣಿತ ದೂರವಿರುವ ಗಾಡಿಯನ್ನು ಆರಿಸಿ. ರಸ್ತೆಯಲ್ಲಿ ಪ್ರಮಾಣಿತ ದೂರದ ಶೇಕಡಾ 70 ಸಿಕ್ಕರೆ, ಬ್ಯಾಟರಿ ಹಳತಾಗಿ ಅದರಲ್ಲಿ ಐದನೇ ಒಂದು ಭಾಗ ಕಳೆದರೆ, ಉಳಿದುದರಲ್ಲಿ ಸ್ವಲ್ಪ ಆಪತ್ತಿಗೆಂದು ಬಿಟ್ಟರೆ, ಕೊನೆಗೆ ಉಳಿಯುವುದು ಸರಿಸುಮಾರು ಅರ್ಧವೇ. ದಿನಕ್ಕೆ 60 ಕಿ.ಮೀ. ಓಡುವವರು 120 ಕಿ.ಮೀ. ಪ್ರಮಾಣಿತ ದೂರದ ಗಾಡಿಯನ್ನು ಕೊಂಡರೆ ಐದನೆಯ ವರ್ಷದಲ್ಲಿಯೂ ತೊಂದರೆಯಿರುವುದಿಲ್ಲ.

ಟ್ರ್ಯಾಕ್ಟರ್ ಬ್ಯಾಟರಿಯ ಪದ್ಧತಿ ಇಲ್ಲಿ ಸಲ್ಲದು

ಟ್ರ್ಯಾಕ್ಟರಿನಲ್ಲಿಯೂ ಮನೆಯ ಇನ್ವರ್ಟರಿನಲ್ಲಿಯೂ ಇರುವುದು ಸಾಮಾನ್ಯವಾಗಿ ಸೀಸದ ಬ್ಯಾಟರಿ. ಅದನ್ನು ಖಾಲಿ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಕೆಡುತ್ತದೆ. ಆದ್ದರಿಂದ ಅದನ್ನು ಯಾವಾಗಲೂ ತುಂಬಿಡಬೇಕೆಂದು ನಾವು ಕಲಿತಿದ್ದೇವೆ. ನೋಂದಣಿ ಬೇಡದ ಕೆಲವು ನಿಧಾನಗತಿಯ ಅಗ್ಗದ ಸ್ಕೂಟರುಗಳಲ್ಲಿಯೂ ಸೀಸದ ಬ್ಯಾಟರಿಯೇ ಇರುವುದರಿಂದ ಅವಕ್ಕೂ ಇದೇ ನಿಯಮ.

ನೋಂದಣಿಯಾಗುವ ಸ್ಕೂಟರುಗಳಲ್ಲಿರುವುದು ಲಿಥಿಯಂ ಬ್ಯಾಟರಿ. ಇದರ ಗುಣ ಬೇರೆ. ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿ ನಿಂತಿರುವುದೇ ಇದಕ್ಕೆ ದೊಡ್ಡ ಶತ್ರು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತಗಡಿನ ಚಪ್ಪರದ ಕೆಳಗೆ ಪೂರ್ತಿ ಚಾರ್ಜಾದ ಸ್ಕೂಟರನ್ನು ದಿನವಿಡೀ ನಿಲ್ಲಿಸಿದರೆ, ಅದು ಒಂದು ಕಿ.ಮೀ. ಓಡದಿದ್ದರೂ ಬ್ಯಾಟರಿ ಮುಪ್ಪಾಗುತ್ತಿರುತ್ತದೆ. ಆದುದರಿಂದ ಬೇವಿನ ಮರದ ನೆರಳು ಅಥವಾ ಹೆಂಚಿನ ಮನೆಯ ಪಡಸಾಲೆ ತಗಡಿನ ಶೆಡ್ಡಿಗಿಂತ ಮೇಲು.

ದಿನನಿತ್ಯದ ಕ್ರಮ ಹೀಗಿರಲಿ. ಬಿಸಿಲಿನಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಒಂದು ಗಂಟೆ ಆರಲು ಬಿಡಿ. ದಿನನಿತ್ಯ ಶೇಕಡಾ 80–90ರವರೆಗೆ ತುಂಬಿಸಿದರೆ ಸಾಕು. ದೂರದ ಪ್ರಯಾಣವಿದ್ದಾಗ ಮಾತ್ರ ಹೊರಡುವ ಹೊತ್ತಿಗೆ ಪೂರ್ತಿಯಾಗುವಂತೆ ಬೆಳಗಿನ ಜಾವ ತುಂಬಿಸಿ. ಶೇಕಡಾ 20ಕ್ಕಿಂತ ಕೆಳಗೆ ಪದೇ ಪದೇ ಇಳಿಸಬೇಡಿ. ತಿಂಗಳಿಗೊಮ್ಮೆ ಪೂರ್ತಿ ತುಂಬಿಸುವುದು ಒಳ್ಳೆಯದು. ಆಗ ಒಳಗಿನ ಸೆಲ್ಲುಗಳು ಒಂದೇ ಮಟ್ಟಕ್ಕೆ ಬಂದು, ತೋರಿಕೆಯ ಶೇಕಡಾ ಲೆಕ್ಕವೂ ಸರಿಹೋಗುತ್ತದೆ. ಲಿಥಿಯಂ ಕಬ್ಬಿಣ ರಂಜಕ ಬಗೆಯ ಬ್ಯಾಟರಿಯಿದ್ದರೆ ತಯಾರಕರ ಕೈಪಿಡಿಯಲ್ಲಿ ಇನ್ನೂ ಹೆಚ್ಚು ಸಲ ಪೂರ್ತಿ ತುಂಬಿಸಲು ಹೇಳಿರಬಹುದು. ಕೈಪಿಡಿಯ ಮಾತನ್ನೇ ಅನುಸರಿಸಬೇಕು.

ಕುರಿ ಮೇಯಿಸಲು ಅಥವಾ ಕೂಲಿಗಾಗಿ ತಿಂಗಳುಗಟ್ಟಲೆ ಹೊರಗೆ ಹೋಗುವ ಮನೆಗಳವರು ಗಾಡಿಯನ್ನು ಅರ್ಧ ಚಾರ್ಜಿನಲ್ಲಿ ನೆರಳಿನಲ್ಲಿಟ್ಟು, ಮುಖ್ಯ ಸ್ವಿಚ್ಚು ಇದ್ದರೆ ಅದನ್ನು ಆರಿಸಿ ಹೋಗಬೇಕು. ನಿಂತಿದ್ದರೂ ಒಳಗಿನ ಎಲೆಕ್ಟ್ರಾನಿಕ್ ಭಾಗಗಳು ಸ್ವಲ್ಪ ಸ್ವಲ್ಪ ಶಕ್ತಿ ಬಳಸುತ್ತಿರುತ್ತವೆ. ಆದ್ದರಿಂದ ಮನೆಯಲ್ಲಿ ಉಳಿದವರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತರಬೇಕು. ಪೂರ್ತಿ ಬರಿದಾಗಿ ಬಹುಕಾಲ ನಿಂತ ಲಿಥಿಯಂ ಬ್ಯಾಟರಿ ಮತ್ತೆ ಚಾರ್ಜನ್ನೇ ತೆಗೆದುಕೊಳ್ಳದೆ ಹೋಗಬಹುದು.

ಪ್ಲಗ್ಗು ಮತ್ತು ಭೂಸಂಪರ್ಕ

ಚಾರ್ಜರನ್ನು ಮೂರು ಕಡ್ಡಿಯ ದೊಡ್ಡ ಪ್ಲಗ್ಗಿನ, ಅಂದರೆ 15–16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಉದ್ದನೆಯ ತೆಳುವಾದ ತಂತಿ ಎಳೆದು ಚಾರ್ಜು ಮಾಡಕೂಡದು. ಅರ್ಧ ಗಂಟೆಯಾದ ಮೇಲೆ ಸ್ವಿಚ್ಚು ಆರಿಸಿ ಪ್ಲಗ್ಗನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಥವಾ ಸಾಕೆಟ್ಟು ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಹಿಡಿತ ಸಡಿಲವಾಗಿದೆ. ಅದನ್ನು ಬದಲಾಯಿಸುವವರೆಗೆ ಚಾರ್ಜು ಮಾಡಬೇಡಿ. ನಮ್ಮ ಒಣ ನೆಲದಲ್ಲಿ ಬೇಸಿಗೆಯಲ್ಲಿ ಭೂಸಂಪರ್ಕದ ಗುಂಡಿ ಪೂರ್ತಿ ಒಣಗಿ ನಿಷ್ಪ್ರಯೋಜಕವಾಗುತ್ತದೆ. ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಿಂದ ತಂತಿ ಎಳೆಯಲೇಬಾರದು. ಮೋಟಾರು ಹತ್ತುವಾಗ ಮತ್ತು ಆರುವಾಗ ಆಗುವ ವೋಲ್ಟೇಜಿನ ಏರಿಳಿತ ಚಾರ್ಜರನ್ನು ಕೆಡಿಸಬಲ್ಲದು.

ಮೀಟರಿನಿಂದ ಬ್ಯಾಟರಿಯನ್ನು ಅಳೆಯುವ ಕ್ರಮ

ಗಾಡಿ ಕೊಂಡ ಮೊದಲ ತಿಂಗಳಲ್ಲಿಯೇ ಈ ಪರೀಕ್ಷೆ ಮಾಡಿ ಬರೆದಿಡಿ. ಬ್ಯಾಟರಿ ಶೇಕಡಾ 20ಕ್ಕೆ ಇಳಿದಾಗ ಗಾಡಿಯನ್ನು ಒಂದು ಗಂಟೆ ಆರಲು ಬಿಡಿ. ಮನೆಯ ದೀಪ, ಫ್ಯಾನು, ಟಿ.ವಿ. ಎಲ್ಲವನ್ನೂ ಆರಿಸಿ, ಮೀಟರಿನ ಯೂನಿಟ್ ಸಂಖ್ಯೆಯನ್ನು ದಶಮಾಂಶ ಸಹಿತ ಗುರುತು ಹಾಕಿಕೊಳ್ಳಿ. ಬಳಿಕ ಶೇಕಡಾ 100ರವರೆಗೆ ಚಾರ್ಜು ಮಾಡಿ ಮತ್ತೆ ಸಂಖ್ಯೆ ನೋಡಿ. 3 ಯೂನಿಟ್ ಬ್ಯಾಟರಿಗೆ ಶೇಕಡಾ 80 ತುಂಬಲು 2.4 ಯೂನಿಟ್ ಬೇಕು. ಚಾರ್ಜರಿನಲ್ಲಿ ಸ್ವಲ್ಪ ಶಾಖವಾಗಿ ಹೋಗುವುದರಿಂದ ಮೀಟರು ಸುಮಾರು 2.7 ತೋರಿಸುತ್ತದೆ.

ಆರು ತಿಂಗಳಿಗೊಮ್ಮೆ ಇದೇ ರೀತಿ ಅಳೆಯಿರಿ. ಎರಡು ವರ್ಷದ ನಂತರ 2.7ರ ಬದಲು 2.3 ಯೂನಿಟ್ ಹಿಡಿದರೆ ಬ್ಯಾಟರಿಯ ಸಾಮರ್ಥ್ಯ ಶೇಕಡಾ 85ರಷ್ಟು ಉಳಿದಿದೆ ಎಂದರ್ಥ. ಒಂದು ಸಲದ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಆದ್ದರಿಂದ ಎರಡು ಸಲ ಅಳೆದು ಸರಾಸರಿ ತೆಗೆಯಿರಿ. ಹಲವು ಬ್ಯಾಟರಿಗಳ ಖಾತರಿಯಲ್ಲಿ ಇಷ್ಟು ಶೇಕಡಾಕ್ಕಿಂತ ಕೆಳಗಿಳಿದರೆ ಬದಲಾಯಿಸಿಕೊಡುವ ಷರತ್ತು ಇರುತ್ತದೆ. ನಿಮ್ಮ ಅಳತೆ ಆ ಗೆರೆಯನ್ನು ಸಮೀಪಿಸಿದಾಗ, ಖಾತರಿಯ ಅವಧಿ ಮುಗಿಯುವ ಮೊದಲೇ ಸೇವಾಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ ಲಿಖಿತ ವರದಿ ಪಡೆಯಬೇಕು.

ಇದರಿಂದ ಇನ್ನೊಂದು ಲೆಕ್ಕವೂ ತಿಳಿಯುತ್ತದೆ. ತಿಂಗಳಿಗೆ 15 ಸಲ ಹೀಗೆ ತುಂಬಿದರೆ ಸುಮಾರು 40 ಯೂನಿಟ್ ಆಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್‌ಗಳ ಮಿತಿ ಗೊತ್ತುಮಾಡಲಾಗಿದೆ. ಸ್ಕೂಟರಿನ ಯೂನಿಟ್‌ಗಳು ಆ ಮಿತಿಯನ್ನು ದಾಟಿಸಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕಾಗುತ್ತದೆ.

ಮಾರುವಾಗ ಮತ್ತು ಹಳೆಯದನ್ನು ಕೊಳ್ಳುವಾಗ

ಪೆಟ್ರೋಲ್ ಗಾಡಿಯ ಎಂಜಿನ್ನಿನ ಶಬ್ದ ಕೇಳಿಯೇ ಮೇಸ್ತ್ರಿ ಬೆಲೆ ಕಟ್ಟುತ್ತಾನೆ. ಬ್ಯಾಟರಿಗೆ ಶಬ್ದವಿಲ್ಲ, ಆದ್ದರಿಂದ ಕೊಳ್ಳುವವನು ಹೆದರಿ ಅತಿ ಕಡಿಮೆ ಬೆಲೆ ಹೇಳುತ್ತಾನೆ. ಆ ಹೆದರಿಕೆಯನ್ನು ಕಳೆಯುವುದು ನೀವು ಬರೆದಿಟ್ಟ ಅಳತೆಯ ಪುಸ್ತಕ, ಸೇವಾಕೇಂದ್ರದ ವರದಿ ಮತ್ತು ಉಳಿದಿರುವ ಖಾತರಿ. ಖಾತರಿಯು ಎರಡನೆಯ ಮಾಲೀಕನಿಗೆ ವರ್ಗವಾಗುತ್ತದೆಯೇ ಎಂಬುದನ್ನು ಹೊಸ ಗಾಡಿ ಕೊಳ್ಳುವಾಗಲೇ ಕಾಗದದಲ್ಲಿ ಓದಿ ತಿಳಿಯಬೇಕು. ಖಾತರಿ ಮುಗಿಯುವುದಕ್ಕೆ ಒಂದೆರಡು ವರ್ಷ ಮೊದಲು ಮಾರಿದರೆ ಹೆಚ್ಚು ಬೆಲೆ ಸಿಗುವ ಸಂಭವವಿದೆ. ಹೊಸ ಗಾಡಿಯ ಬೆಲೆ ಇಳಿದಾಗಲೆಲ್ಲ ಹಳೆಯದರ ಬೆಲೆಯೂ ಇಳಿಯುತ್ತದೆ; ಇದು ನಮ್ಮ ಕೈಯಲ್ಲಿಲ್ಲ.

ಹಳೆಯದನ್ನು ಕೊಳ್ಳುವವರು ಒಂದು ದಿನದ ಮಟ್ಟಿಗೆ ಗಾಡಿಯನ್ನು ಕೇಳಿ ಪಡೆದು ಮೇಲೆ ಹೇಳಿದ ಮೀಟರ್ ಪರೀಕ್ಷೆ ಮಾಡಬೇಕು. ಶೇಕಡಾ 100ರಿಂದ 20ರವರೆಗೆ ಓಡಿಸಿಯೂ ನೋಡಬೇಕು. ಶೇಕಡಾ 35–40ರಿಂದ ಒಮ್ಮೆಗೇ 15ಕ್ಕೆ ಧುಮುಕಿದರೆ ಯಾವುದೋ ಸೆಲ್ಲು ಸೋತಿರುವ ಲಕ್ಷಣ. ಅಂಥದನ್ನು ಬಿಡುವುದೇ ಲೇಸು. ತಯಾರಾದ ತಿಂಗಳನ್ನೂ ನೋಡಿ. ಬ್ಯಾಟರಿಯ ಸುರಕ್ಷತೆಯ ಬಿಗಿಯಾದ ನಿಯಮಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಎರಡು ಹಂತವಾಗಿ ಜಾರಿಗೆ ಬಂದವು. ಅದಕ್ಕಿಂತ ಹಿಂದಿನ ಗಾಡಿಗಳು ಹಳೆಯ ನಿಯಮದವು. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿಸುವುದರ ಜೊತೆಗೆ ಮೊಬೈಲಿನ ಕಂಪನಿ ಖಾತೆಯನ್ನೂ ವರ್ಗ ಮಾಡಿಸಿಕೊಳ್ಳಿ. ಇಲ್ಲವಾದರೆ ಗಾಡಿ ನಿಮ್ಮ ಅಂಗಳದಲ್ಲಿದ್ದರೂ ಅದರ ಖಾತೆ ಹಿಂದಿನ ಮಾಲೀಕನ ಕೈಯಲ್ಲಿಯೇ ಉಳಿಯುತ್ತದೆ.