ಬೀಗ ಹಾಕಿದ ಶಾಲೆಯಲ್ಲೂ ಮೀಟರ್ ಓಡುತ್ತದೆ

ಮಕ್ಕಳೇ, ಡಿಪ್ಲೊಮಾ ಪ್ರಾಜೆಕ್ಟಿಗೆ ರಾಮನಾಥಪುರದ ಕಡೆಯ ಶಾಲೆಯೊಂದರ ಕರೆಂಟ್ ಲೆಕ್ಕ ತೆಗೆಯುತ್ತೇವೆ ಅಂದಿರಿ. ಒಳ್ಳೆಯದು. ಆದರೆ ಶಾಲೆಯೊಳಗೆ ಕಾಲಿಟ್ಟ ತಕ್ಷಣ ಫ್ಯಾನು, ಟ್ಯೂಬ್‌ಲೈಟು ಎಣಿಸಲು ಶುರು ಮಾಡಬೇಡಿ. ಮೊದಲು ಶಾಲೆ ಮುಚ್ಚಿದ ಮೇಲೆ ಮೀಟರ್ ಎಷ್ಟು ಓಡುತ್ತದೆ ಅಂತ ನೋಡಿ.

ಶನಿವಾರ ಬೆಳಗಿನ ಶಾಲೆ ಮುಗಿದು ಎಲ್ಲ ಬೀಗ ಬಿದ್ದ ಮೇಲೆ, ಮಧ್ಯಾಹ್ನ ಎರಡಕ್ಕೆ, ಮೀಟರಿನ kWh ಅಂಕಿ ಬರೆದುಕೊಳ್ಳಿ. ಪರದೆಯ ಮೇಲೆ ವೋಲ್ಟೇಜು, ಗರಿಷ್ಠ ಬೇಡಿಕೆ ಎಲ್ಲ ಒಂದಾದ ಮೇಲೊಂದು ಬರುತ್ತವೆ, ಅವುಗಳಲ್ಲಿ ಎಡವಬೇಡಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಬರೆದುಕೊಳ್ಳಿ. ನಡುವೆ 43 ಗಂಟೆ. ಉದಾಹರಣೆಗೆ 4.3 ಯೂನಿಟ್ ಓಡಿದೆ ಅನ್ನಿ. ಭಾಗಿಸಿದರೆ ಗಂಟೆಗಂಟೆಯೂ 100 ವ್ಯಾಟ್ ಎಳೆಯುತ್ತಿದೆ ಅಂತಾಯಿತು. ಆ ನಡುವೆ ಕರೆಂಟ್ ಹೋಗಿದ್ದರೆ ಲೈನ್‌ಮನ್ ಹತ್ತಿರ ಕೇಳಿ ಅಷ್ಟು ಗಂಟೆ ಕಳೆಯಿರಿ. ಸುಬ್ರಹ್ಮಣ್ಯಸ್ವಾಮಿ ಷಷ್ಠಿ ಜಾತ್ರೆಗೆ ಶಾಲೆಗೆ ರಜೆ ಸಿಕ್ಕಿದರೆ ಅವತ್ತೂ ಒಂದು ಸಲ ನೋಡಿ.

ಈ 100 ವ್ಯಾಟ್ ಎಲ್ಲಿ ಹೋಗುತ್ತಿದೆ? ಹುಡುಕಲು ದುಬಾರಿ ಉಪಕರಣ ಬೇಡ, ಮೀಟರಿನಲ್ಲಿ ಮಿನುಗುವ ಕೆಂಪು ದೀಪ ಸಾಕು. ಮೀಟರಿನ ಮೇಲೆ 3200 imp/kWh ಅಂತ ಇದ್ದರೆ, 3200 ಸಲ ಮಿನುಗಿದರೆ ಒಂದು ಯೂನಿಟ್. ಎರಡು ಮಿನುಗಿನ ನಡುವಿನ ಹೊತ್ತನ್ನು ಅಳೆದು ಹೀಗೆ ಲೆಕ್ಕ ಹಾಕಿ:

ವ್ಯಾಟ್ = 36,00,000 ÷ (3200 × ಸೆಕೆಂಡು)

ಸುಮಾರು 11 ಸೆಕೆಂಡಿಗೊಮ್ಮೆ ಮಿನುಗಿದರೆ 100 ವ್ಯಾಟ್ ಆಸುಪಾಸು. ಒಂದೇ ಮಿನುಗು ನಂಬದೆ ಹತ್ತು ಮಿನುಗಿನ ಹೊತ್ತು ಅಳೆದು ಹತ್ತರಿಂದ ಭಾಗಿಸಿ. ಆಮೇಲೆ ಹೆಡ್‌ಮಾಷ್ಟ್ರ ಒಪ್ಪಿಗೆ ಪಡೆದು, ಒಂದೊಂದೇ ಎಂಸಿಬಿ ಇಳಿಸುತ್ತಾ ದೀಪ ನೋಡಿ. ಬೋರ್ಡಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ಕಂಪ್ಯೂಟರ್ ಕೋಣೆಯ ಎಂಸಿಬಿ ಇಳಿಸಿದ ಕೂಡಲೇ 11 ಸೆಕೆಂಡು 28 ಆದರೆ, ಉಳಿದದ್ದು 40 ವ್ಯಾಟ್. ಅಂದರೆ 60 ವ್ಯಾಟ್ ಆ ಕೋಣೆಯದ್ದೇ. ಕಂಪ್ಯೂಟರ್ ಆಫ್ ಆಗಿದ್ದರೂ ಯುಪಿಎಸ್ ಹಗಲೂರಾತ್ರಿ ತಿನ್ನುತ್ತಿರುತ್ತದೆ.

ಕ್ಲ್ಯಾಂಪ್ ಮೀಟರ್ ಇದ್ದರೂ ಇಲ್ಲಿ ಎಚ್ಚರ. ಆಂಪಿಯರನ್ನು 230ರಿಂದ ಗುಣಿಸಿ ವ್ಯಾಟ್ ಅಂತ ಬರೆಯುವ ಹುಡುಗರನ್ನು ಬಹಳ ನೋಡಿದ್ದೇನೆ. ಯುಪಿಎಸ್‌ನಂಥ ಸಣ್ಣ ಲೋಡಿನಲ್ಲಿ ಪವರ್ ಫ್ಯಾಕ್ಟರ್ ಕಡಿಮೆ, ಹಾಗಾಗಿ ಲೆಕ್ಕ ನಿಜಕ್ಕಿಂತ ಉಬ್ಬುತ್ತದೆ. ಮಿನುಗುವ ದೀಪ ತೋರಿಸುವುದು ಬಿಲ್ಲಿಗೆ ಬರುವ ವಿದ್ಯುತ್ತನ್ನೇ.

ಈಗ ಸಲಹೆಗೆ ಬನ್ನಿ. ಹೆಚ್ಚಿನ ವರದಿಗಳಲ್ಲಿ ಮೊದಲ ಸಲಹೆಯೇ ಬಿಎಲ್‌ಡಿಸಿ ಫ್ಯಾನು. ಲೆಕ್ಕ ಮಾಡಿ: ಹಳೆಯದು 75 ವ್ಯಾಟ್, ಹೊಸದು 28. ದಿನಕ್ಕೆ ಆರು ಗಂಟೆ, ವರ್ಷಕ್ಕೆ 220 ದಿನ ಅಂದರೆ ಒಂದು ಫ್ಯಾನಿನಿಂದ 62 ಯೂನಿಟ್ ಉಳಿತಾಯ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಸುಮಾರು 500 ರೂಪಾಯಿ. ಫ್ಯಾನಿಗೆ 3000 ಕೊಟ್ಟರೆ ಹಣ ಹಿಂದಿರುಗಲು ಆರು ವರ್ಷ. ಆ ಯುಪಿಎಸ್ಸನ್ನು ಶಾಲೆ ಇಲ್ಲದ ಹೊತ್ತಿನಲ್ಲಿ, ಅಂದರೆ ವರ್ಷಕ್ಕೆ ಸುಮಾರು 7200 ಗಂಟೆ, ಆರಿಸಿದರೆ 430 ಯೂನಿಟ್ ಉಳಿಯುತ್ತದೆ. ಏಳು ಫ್ಯಾನು ಬದಲಿಸಿದಷ್ಟೇ ಉಳಿತಾಯ, ಖರ್ಚು ಸೊನ್ನೆ. ಆದರೆ ಬೇಸಿಗೆ ರಜೆಯಿಡೀ ಆರಿಸಿಟ್ಟರೆ ಬ್ಯಾಟರಿ ಕೆಡುತ್ತದೆ, ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿಸಲು ಬರೆಯಿರಿ. ಸಿಸಿಟಿವಿಯ ಲೈನನ್ನು ಮುಟ್ಟಬೇಡಿ, ರಾತ್ರಿ ಅದಕ್ಕೇ ಕೆಲಸ ಇರೋದು.

ಎರಡನೆಯದು ಟ್ಯೂಬ್‌ಲೈಟು. ಹಳೆಯ ಚೋಕಿನದು ಚೋಕೂ ಸೇರಿ 52 ವ್ಯಾಟ್‌ನಷ್ಟು ಎಳೆಯುತ್ತದೆ, ಎಲ್‌ಇಡಿ 20. ಆದರೆ ಹಗಲು ಕಿಟಕಿ ಬೆಳಕಿನಲ್ಲಿ ಉರಿಯದ ದೀಪ ಬದಲಿಸಿದರೆ ಉಳಿಯುವುದು ಏನೂ ಇಲ್ಲ. ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಅಂತ ಒಂದು ವಾರ ಬರೆದಿಟ್ಟು, ಹೆಚ್ಚು ಉರಿಯುವ ಕತ್ತಲೆ ಕೋಣೆಯಿಂದ ಶುರು ಮಾಡಿ.

ಇನ್ನೊಂದು ಮಾತು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾಯಿತು. ನಿಮ್ಮದು ಸರ್ಕಾರಿ ಶಾಲೆಯಾದರೆ, ಉಳಿದ ರೂಪಾಯಿ ಶಾಲೆಯ ಕೈಗೆ ಬರುತ್ತದೆ ಅಂತ ಬರೆಯಬೇಡಿ, ಹೆಡ್‌ಮಾಷ್ಟ್ರು ಒಳಗೊಳಗೇ ನಗುತ್ತಾರೆ. ಯೂನಿಟ್ಟಿನಲ್ಲಿ ಬರೆಯಿರಿ. ಖಾಸಗಿ ಶಾಲೆಯಾದರೆ ಸೆಸ್ಕ್ ಬಿಲ್ಲಿನಲ್ಲಿರುವ ದರವನ್ನೇ ಹಿಡಿಯಿರಿ.

ವರದಿ ಕೊಟ್ಟ ಮೇಲೂ ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ. ಅದೇ ಶನಿವಾರ ಎರಡು ಗಂಟೆ, ಅದೇ ಸೋಮವಾರ ಒಂಬತ್ತು. 4.3 ಇದ್ದದ್ದು 1.7ಕ್ಕೆ ಇಳಿದಿದ್ದರೆ ಯುಪಿಎಸ್ ಆರಿಸುವ ಅಭ್ಯಾಸ ಶಾಲೆಗೆ ಬಂದಿದೆ. ಇಳಿಯದಿದ್ದರೆ, ಕೊನೆಗೆ ಬೀಗ ಹಾಕುವವರು ಯಾರೋ ಅವರಿಗೆ ನೀವು ಹೇಳೋದನ್ನು ಮರೆತಿದ್ದೀರಿ.